ಮನೆಯ ಓಟಿಜಿಯಲ್ಲಿ ಈಸ್ಟ್ ಬ್ರೆಡ್: ಓವನ್ ಬಿಸಿ, ಹಬೆ, ಒಳಗೆ ಬೆಂದಿದೆಯೇ ಎಂಬ ಪರೀಕ್ಷೆ – ಪದೇ ಪದೇ ಕೇಳುವ ಪ್ರಶ್ನೆಗಳು

ಹಿಟ್ಟು ನಾದುವುದು, ಉಬ್ಬಿಸುವುದು ಎರಡು ಮೂರು ಸಲ ಮಾಡಿದರೆ ಕೈಗೆ ಬಂದುಬಿಡುತ್ತದೆ. ಕಷ್ಟ ಶುರುವಾಗುವುದು ಓವನ್ ಬಾಗಿಲು ಮುಚ್ಚಿದ ಮೇಲೆ. ಮೇಲೆಲ್ಲ ಹೊಂಬಣ್ಣಕ್ಕೆ ತಿರುಗಿದ ಬ್ರೆಡ್ಡನ್ನು ಕುಯ್ದರೆ ನಡುವೆ ಅಂಟಂಟು, ಇಲ್ಲವೇ ತಳದಲ್ಲಿ ಒಂದು ಬೆರಳು ದಪ್ಪದ ಹಸಿ ಪಟ್ಟಿ. ಮೈಸೂರು, ಮಂಡ್ಯದ ಕಡೆ ಮನೆಯಲ್ಲಿ ಬ್ರೆಡ್ ಮಾಡುವವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇರುವುದರಿಂದ, ಇಲ್ಲಿರುವ ಉತ್ತರಗಳೂ ಓವನ್‌ನೊಳಗೆ ನಡೆಯುವುದಕ್ಕೇ ಸೀಮಿತ.

ಉತ್ತರಗಳಲ್ಲಿ ಬರುವ ಅಳತೆಗಳು ಯಾವ ಬ್ರೆಡ್ಡಿಗೆ?

ಒಂದೇ ಬ್ರೆಡ್ಡನ್ನು ಇಟ್ಟುಕೊಂಡು ಮಾತಾಡೋಣ. 400 ಗ್ರಾಂ ಮೈದಾ, 250 ಗ್ರಾಂ ನೀರು, 20 ಗ್ರಾಂ ಎಣ್ಣೆ ಅಥವಾ ಬೆಣ್ಣೆ, 16 ಗ್ರಾಂ ಸಕ್ಕರೆ, 8 ಗ್ರಾಂ ಉಪ್ಪು, 4 ಗ್ರಾಂ ಇನ್‌ಸ್ಟಂಟ್ ಈಸ್ಟ್. ಎಲ್ಲ ಸೇರಿ 698 ಗ್ರಾಂ, ಅಂದರೆ ಸುಮಾರು 700. ಇದು 22 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲದ ಟಿನ್ನಿಗೆ ಸರಿಹೋಗುತ್ತದೆ. ಎರಡನೇ ಸಲ ಉಬ್ಬಿ, ನಡುಭಾಗ ಟಿನ್ನಿನ ಅಂಚಿಗಿಂತ ಒಂದು ಬೆರಳು ದಪ್ಪ ಮೇಲೆ ಬಂದಾಗ ಓವನ್‌ಗೆ ಇಡಬೇಕು.

ನೀರನ್ನೂ ಲೋಟದಲ್ಲಿ ಅಳೆಯದೆ ತಕ್ಕಡಿಯಲ್ಲೇ ತೂಗಿ. ಬ್ರೆಡ್ ಬೆಂದಿದೆಯೇ ಎಂದು ಕೊನೆಗೆ ನೋಡುವಾಗ ಆ ತಕ್ಕಡಿ ಮತ್ತೊಮ್ಮೆ ಬೇಕಾಗುತ್ತದೆ.

ಓಟಿಜಿ ಗುಂಡಿಯನ್ನು 200ಕ್ಕೆ ತಿರುಗಿಸಿದರೆ ಒಳಗೆ 200 ಡಿಗ್ರಿ ಇರುತ್ತದಲ್ಲವೇ?

ಇರುತ್ತದೆ ಎಂದು ನಂಬಿಕೊಳ್ಳುವ ಹಾಗಿಲ್ಲ. ಮನೆಯ ಓಟಿಜಿಗಳಲ್ಲಿ ಗುಂಡಿ ತೋರಿಸುವುದಕ್ಕೂ ನಿಜವಾದ ಬಿಸಿಗೂ 20–30 ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು. ಕೆಲವು ಹೆಚ್ಚು ಕಾಯುತ್ತವೆ, ಕೆಲವು ಕಮ್ಮಿ. ಒಂದೇ ಪಾಕವಿಧಾನ ಒಬ್ಬರ ಮನೆಯಲ್ಲಿ ಸುಟ್ಟು, ಪಕ್ಕದ ಮನೆಯಲ್ಲಿ ಬಿಳಿಚಿಕೊಳ್ಳುವುದು ಇದರಿಂದಲೇ.

ಒಳಗೆ ಇಡುವ ಓವನ್ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳಿ. ಅದನ್ನು ಜಾಲರಿಯ ನಡುವೆ, ಬ್ರೆಡ್ ಕೂರುವ ಜಾಗದಲ್ಲೇ ಇಟ್ಟು, ಗುಂಡಿಯನ್ನು 200ಕ್ಕೆ ತಿರುಗಿಸಿ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ. ರಾಡ್ ಮೊದಲ ಸಲ ಆರಿದ ತಕ್ಷಣ ಓದಬೇಡಿ. ಆಗ ಕಾದಿರುವುದು ಗಾಳಿ ಮಾತ್ರ. ಗೋಡೆ, ಜಾಲರಿ ಇನ್ನೂ ಕಾದಿರುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಮೂರು ಮೂರು ನಿಮಿಷಕ್ಕೊಮ್ಮೆ ಗಾಜಿನ ಬಾಗಿಲಿನ ಆಚೆಯಿಂದಲೇ ನೋಡಿ ಐದು ಸಲ ಬರೆದುಕೊಳ್ಳಿ. ರಾಡ್ ಹೊತ್ತಿ ಆರುತ್ತಾ ಇರುವುದರಿಂದ ಮುಳ್ಳು ಏರಿಳಿಯುವುದು ಸಹಜ. ಐದರ ಸರಾಸರಿ 225 ಬಂದರೆ ನಿಮ್ಮ ಓವನ್ 25 ಡಿಗ್ರಿ ಮುಂದಿದೆ ಎಂದರ್ಥ. ಆ ಓವನ್‌ನಲ್ಲಿ 200 ಬೇಕಾದಾಗ ಗುಂಡಿ 175ರಲ್ಲಿರಬೇಕು. ಒಂದು ಚೀಟಿಯಲ್ಲಿ ಬರೆದು ಓವನ್ ಪಕ್ಕ ಅಂಟಿಸಿಬಿಡಿ. ಈ ಪುಟದಲ್ಲಿ ಮುಂದೆ ಬರುವ ಡಿಗ್ರಿಗಳೆಲ್ಲ ಒಳಗಿನ ನಿಜವಾದ ಬಿಸಿಯೇ ಹೊರತು ಗುಂಡಿಯ ಮೇಲಿನ ಅಂಕಿಯಲ್ಲ.

ಹಾಗಾದರೆ ಈ ಬ್ರೆಡ್ಡಿಗೆ ಎಷ್ಟು ಡಿಗ್ರಿ, ಎಷ್ಟು ಹೊತ್ತು?

ಮೊದಲ 10 ನಿಮಿಷ 205, ಆಮೇಲೆ 185ಕ್ಕೆ ಇಳಿಸಿ 22ರಿಂದ 26 ನಿಮಿಷ. ಒಟ್ಟು ಮೂವತ್ತೈದು ನಿಮಿಷದ ಆಸುಪಾಸು.

ಹೀಗೆ ಎರಡು ಹಂತ ಮಾಡುವುದಕ್ಕೆ ಕಾರಣವಿದೆ. ಓವನ್‌ಗೆ ಹೋದ ಹಿಟ್ಟು ಹೊರಗಿನಿಂದ ಒಳಕ್ಕೆ ಬಿಸಿಯಾಗುತ್ತಾ ಬಂದಂತೆ ಈಸ್ಟ್ ಸ್ವಲ್ಪ ಹೊತ್ತು ಇನ್ನೂ ಚುರುಕಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಬ್ರೆಡ್ ಕಣ್ಣೆದುರೇ ಮೇಲೇಳುತ್ತದೆ. ಹಿಟ್ಟಿನ ಬಿಸಿ 55–60 ಡಿಗ್ರಿ ಮುಟ್ಟಿದಾಗ ಈಸ್ಟ್ ಸಾಯುತ್ತದೆ. ಆಮೇಲೆ ಪಿಷ್ಟ ನೀರು ಹೀರಿ ಗಂಜಿಯಂತೆ ದಪ್ಪಗಾಗುತ್ತದೆ, ಹಿಟ್ಟಿನ ಅಂಟು ಗಟ್ಟಿಯಾಗಿ ಬ್ರೆಡ್ಡಿನ ಆಕಾರ ನಿಲ್ಲುತ್ತದೆ. ಮೊದಲ ಹತ್ತು ನಿಮಿಷದ ಜೋರು ಬಿಸಿ ಈ ಏಳುವಿಕೆಗಾಗಿ. ಅದೇ ಬಿಸಿಯನ್ನು ಕೊನೆಯವರೆಗೂ ಇಟ್ಟರೆ ನಡುಭಾಗ ಬೇಯುವುದಕ್ಕೆ ಮೊದಲೇ ಮೇಲ್ಪದರ ಕಪ್ಪಾಗುತ್ತದೆ. ಮೊದಲಿನಿಂದಲೂ 160ರಲ್ಲಿ ಇಟ್ಟರೆ ಬ್ರೆಡ್ ಬೇಯುತ್ತದೆ ನಿಜ, ಆದರೆ ಒಂದು ಗಂಟೆ ಹತ್ತಿರ ಹಿಡಿದು ದಪ್ಪ, ಒಣಕಲು ಸಿಪ್ಪೆಯ ರಸ್ಕಿನ ದಾರಿ ಹಿಡಿಯುತ್ತದೆ.

ಮೊದಲ ಹದಿನೈದು ನಿಮಿಷ ಬಾಗಿಲು ತೆಗೆಯಬೇಡಿ. ಮೂವತ್ತು ಲೀಟರಿನ ಪುಟ್ಟ ಡಬ್ಬಿಯಲ್ಲಿ ಇರುವ ಬಿಸಿಗಾಳಿಯೇ ಸ್ವಲ್ಪ. ಒಮ್ಮೆ ಇಣುಕಿದರೆ ಹತ್ತಾರು ಡಿಗ್ರಿ ಇಳಿದುಹೋಗುತ್ತದೆ.

ಜಾಲರಿ ಯಾವ ಮೆಟ್ಟಿಲಲ್ಲಿ ಇರಬೇಕು? ಫ್ಯಾನ್ ಹಾಕಬೇಕೇ?

ಕೆಳಗಿನಿಂದ ಮೊದಲನೆಯ ಅಥವಾ ಎರಡನೆಯ ಮೆಟ್ಟಿಲು. ಲೆಕ್ಕ ಹಾಕಬೇಕಾದ್ದು ಖಾಲಿ ಟಿನ್ನಿನ ಎತ್ತರವನ್ನಲ್ಲ, ಉಬ್ಬಿ ನಿಂತ ಬ್ರೆಡ್ಡಿನ ಎತ್ತರವನ್ನು. ಪೂರ್ತಿ ಎದ್ದ ಬ್ರೆಡ್ಡಿನ ನೆತ್ತಿಗೂ ಮೇಲಿನ ರಾಡಿಗೂ ನಡುವೆ ನಾಲ್ಕು ಬೆರಳು ಅಗಲವಾದರೂ ಜಾಗ ಉಳಿಯಬೇಕು. ಅದಕ್ಕಿಂತ ಹತ್ತಿರ ಬಂದರೆ ಬ್ರೆಡ್ ಬೇಯುವುದಲ್ಲ, ಟೋಸ್ಟ್ ಆಗುತ್ತದೆ.

ಫ್ಯಾನ್ ಹಾಕಿದರೆ ಬಿಸಿ ಎಲ್ಲ ಕಡೆಗೂ ಹರಡುತ್ತದೆ, ಆದರೆ ಮೇಲ್ಪದರ ಬೇಗ ಒಣಗುತ್ತದೆ. ಮೊದಲ ಹತ್ತು ನಿಮಿಷ ಬೇಡ. ಆಮೇಲೆ ಹಾಕುವುದಾದರೆ ಬಿಸಿಯನ್ನು 15 ಡಿಗ್ರಿ ಇಳಿಸಿ.

ಹಬೆ ಬೇಕೇ ಬೇಕೇ? ಬಿಸಿನೀರು ಎಲ್ಲಿ ಸುರಿಯುವುದು?

ಯಾವ ಬ್ರೆಡ್ ಅನ್ನುವುದರ ಮೇಲೆ ಹೋಗುತ್ತದೆ. ಟಿನ್ನಿನಲ್ಲಿ ಮಾಡುವ, ಬೇಕರಿ ಬ್ರೆಡ್ಡಿನಂತೆ ಮೆತ್ತನೆಯ ಮೇಲ್ಪದರ ಬೇಕೆನ್ನುವವರಿಗೆ ಹಬೆಯ ತಾಪತ್ರಯ ಬೇಡ. ಓವನ್‌ಗೆ ಇಡುವ ಮುಂಚೆ ಬ್ರಷ್‌ನಲ್ಲಿ ಹಾಲನ್ನೋ ನೀರನ್ನೋ ತೆಳುವಾಗಿ ಸವರಿದರೆ ಸಾಕು. ಟಿನ್ ಇಲ್ಲದೆ ದುಂಡಗೆ ಕಟ್ಟಿ, ಮೇಲೆ ಬ್ಲೇಡಿನಲ್ಲಿ ಗೀರಿ, ಗರಿಗರಿ ಮೇಲ್ಪದರ ಬರಬೇಕು ಅನ್ನುವವರಿಗೆ ಹಬೆ ಬೇಕೇ ಬೇಕು.

ಹಬೆ ಮಾಡುವ ಕೆಲಸ ಸರಳ. ಬಿಸಿ ಓವನ್‌ಗೆ ಬಂದ ತಣ್ಣನೆಯ ಹಿಟ್ಟಿನ ಮೈ ಮೇಲೆ ಹಬೆ ನೀರಾಗಿ ಕೂರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವ ಹಾಗೆಯೇ. ಆ ತೇವ ಇರುವಷ್ಟು ಹೊತ್ತು ಮೇಲ್ಪದರ ಗಟ್ಟಿಯಾಗದೆ ರಬ್ಬರಿನಂತೆ ಹಿಗ್ಗುತ್ತದೆ, ಗೀರಿದ ಜಾಗ ಹೂವಿನ ಹಾಗೆ ಬಿರಿಯುತ್ತದೆ. ಹಬೆಯಿಲ್ಲದಿದ್ದರೆ ಮೇಲ್ಪದರ ಐದೇ ನಿಮಿಷದಲ್ಲಿ ಚಿಪ್ಪಾಗಿಬಿಡುತ್ತದೆ. ಒಳಗಿನ ಒತ್ತಡಕ್ಕೆ ದಾರಿ ಸಿಗದೆ ಬ್ರೆಡ್ಡು ತಳದ ಹತ್ತಿರ ಪಕ್ಕಕ್ಕೆ ಒಡೆಯುತ್ತದೆ. ಹಿಟ್ಟು ಸಾಕಷ್ಟು ಉಬ್ಬುವ ಮೊದಲೇ ಓವನ್‌ಗೆ ಇಟ್ಟರೂ ಪಕ್ಕ ಒಡೆಯುತ್ತದೆ. ಆದ್ದರಿಂದ ಒಡೆದ ಬ್ರೆಡ್ ನೋಡಿದ ಕೂಡಲೇ ಹಬೆಯನ್ನೇ ದೂರಬೇಡಿ.

ಇನ್ನು ನೀರು ಸುರಿಯುವ ವಿಚಾರ. ದೊಡ್ಡ ಓವನ್‌ಗಳಿಗಾಗಿ ಬರೆದ ಪಾಕವಿಧಾನಗಳಲ್ಲಿ ‘ಕೆಳಗಿನ ತಟ್ಟೆಗೆ ಒಂದು ಕಪ್ ನೀರು ಸುರಿಯಿರಿ’ ಎಂದಿರುತ್ತದೆ. ಓಟಿಜಿಯಲ್ಲಿ ಹಾಗೆ ಅಗಲದ ತಟ್ಟೆ ಇಟ್ಟರೆ ಅದು ಕೆಳಗಿನ ರಾಡಿಗೂ ಬ್ರೆಡ್ಡಿಗೂ ನಡುವೆ ಛತ್ರಿ ಹಿಡಿದಂತಾಗುತ್ತದೆ. ಮೇಲೆ ಚೆನ್ನಾಗಿ ಬೆಂದು ತಳ ಬಿಳಿಚಿಕೊಂಡು ಒದ್ದೆಯಾಗಿ ಉಳಿಯುವುದಕ್ಕೆ ಇದೊಂದು ದೊಡ್ಡ ಕಾರಣ. ಮೇಲಾಗಿ ಓಟಿಜಿಯ ಬಾಗಿಲ ಸಂದಿಯಿಂದ ಹಬೆ ನಾಲ್ಕೈದು ನಿಮಿಷದಲ್ಲೇ ಹೊರಗೆ ಹೋಗಿಬಿಡುತ್ತದೆ.

ನಮ್ಮ ಸಲಹೆ, ಮುಚ್ಚಳದ ವಿಧಾನ. ಕೆಳಗೆ ದಪ್ಪ ಕಾವಲಿ, ಮೇಲೆ ಬ್ರೆಡ್ಡಿಗಿಂತ ಎರಡು ಬೆರಳು ದೊಡ್ಡದಾದ ಸ್ಟೀಲ್ ಡಬರಿಯನ್ನು ಬೋರಲು ಹಾಕುವುದು. ಪಾತ್ರೆಗಳಿಗೆ ಪ್ಲಾಸ್ಟಿಕ್ ಹಿಡಿಯಾಗಲಿ ಗುಬುಟಾಗಲಿ ಇರಬಾರದು. ಕಾವಲಿಯನ್ನು ಓವನ್ ಜೊತೆಗೇ 230 ಡಿಗ್ರಿಗೆ ಕಾಯಿಸಿ, ಬೇಕಿಂಗ್ ಪೇಪರ್ ಮೇಲಿರುವ ಹಿಟ್ಟನ್ನು ಅದರ ಮೇಲೆ ಇಳಿಸಿ, ಡಬರಿಯ ಒಳಮೈಗೆ ನೀರು ಚಿಮುಕಿಸಿ ಮುಚ್ಚಿಬಿಡಿ. ಹಿಟ್ಟಿನಿಂದ ಹೊರಬರುವ ತೇವವೇ ಒಳಗೆ ಹಬೆಯಾಗಿ ನಿಲ್ಲುತ್ತದೆ. ಹದಿನೈದು ನಿಮಿಷಕ್ಕೆ ದಪ್ಪ ಕೈಗವಸು ಹಾಕಿಕೊಂಡು, ಡಬರಿಯನ್ನು ನಿಮ್ಮಿಂದ ಆಚೆಗೆ ಓರೆ ಮಾಡಿ ತೆಗೆಯಿರಿ. ನಿಮ್ಮ ಕಡೆಗೆ ಎತ್ತಿದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಆಗ ಬ್ರೆಡ್ ಬಿಳಿಚಾಗಿ, ಮಿರುಗುತ್ತಾ ಇರಬೇಕು. ಆಮೇಲೆ 200ಕ್ಕೆ ಇಳಿಸಿ 20–25 ನಿಮಿಷ ತೆರೆದೇ ಬೇಯಿಸಿ.

ಹೇಗೂ ನೀರೇ ಸುರಿಯುತ್ತೇನೆ ಅನ್ನುವವರು ಅಂಗೈ ಅಗಲದ ಹಳೆಯ ಕಬ್ಬಿಣದ ಬಟ್ಟಲೊಂದನ್ನು ಜಾಲರಿಯ ಮೂಲೆಯಲ್ಲಿ ಕಾಯಲು ಇಟ್ಟು, ಬ್ರೆಡ್ ಇಟ್ಟ ಮೇಲೆ ಅದಕ್ಕೆ ಕುದಿಯುವ ನೀರು ಕಾಲು ಕಪ್ ಹಾಕಿ. ಸುರಿಯುವಾಗ ತೆರೆದ ಗಾಜಿನ ಬಾಗಿಲ ಮೇಲೆ ಒಣ ಬಟ್ಟೆ ಹಾಸಿರಿ. ಕಾದ ಗಾಜಿನ ಮೇಲೆ ನೀರ ಹನಿ ಬಿದ್ದರೆ ಬಿರುಕು ಬಿಡುತ್ತದೆ. ರಾಡಿನ ಮೇಲೆ ನೀರು ಬೀಳಲೇಬಾರದು.

ಹಬೆಯ ಕೆಲಸ ಮೊದಲ ಹದಿನೈದು ನಿಮಿಷಕ್ಕೆ ಮುಗಿಯಿತು. ಆಮೇಲೂ ಒಳಗೆ ಉಳಿದರೆ ಬಣ್ಣ ಹಿಡಿಯುವುದಿಲ್ಲ, ಸಿಪ್ಪೆ ಚರ್ಮದಂತೆ ಜಗಿಯುವ ಹಾಗಾಗುತ್ತದೆ.

ಬಣ್ಣ ಚೆನ್ನಾಗಿ ಬಂದಿದೆ ಅಂದರೆ ಬೆಂದಿದೆ ಎಂದಲ್ಲವೇ?

ಅಲ್ಲ. ಮೇಲಿನ ಬಣ್ಣ ಹೇಳುವುದು ಮೇಲಿನ ರಾಡ್ ಎಷ್ಟು ಕಾದಿತ್ತು, ಹಿಟ್ಟಿನಲ್ಲಿ ಸಿಹಿ ಎಷ್ಟಿತ್ತು ಎಂಬುದನ್ನು ಮಾತ್ರ. ಸಕ್ಕರೆಯ ಬದಲು ಮಂಡ್ಯದ ಬೆಲ್ಲ ಹಾಕಿದವರಿಗೆ ಇದು ಬೇಗ ಗೊತ್ತಾಗುತ್ತದೆ. ಬೆಲ್ಲದ ಹಿಟ್ಟು ಮೊದಲೇ ಕಂದು, ಓವನ್‌ನಲ್ಲಿ ಬಣ್ಣ ಏರುವುದೂ ಬೇಗ. ಇಪ್ಪತ್ತು ನಿಮಿಷಕ್ಕೇ ‘ಆಯಿತು’ ಅನ್ನಿಸುವ ಹಾಗೆ ಕಾಣುತ್ತದೆ, ಒಳಗೆ ಇನ್ನೂ ಹಿಟ್ಟು ಹಿಟ್ಟಾಗಿರುತ್ತದೆ. ಬೆಲ್ಲ, ಹಾಲು, ಮೊಟ್ಟೆ ಹಾಕಿದ ಬ್ರೆಡ್ಡಿಗೆ ಎರಡೂ ಹಂತದಲ್ಲಿ 10–15 ಡಿಗ್ರಿ ಕಮ್ಮಿ ಇಟ್ಟು ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿ. ಬಣ್ಣ ಮುಂದೆ ಓಡುತ್ತಿದ್ದರೆ ಇಪ್ಪತ್ತನೇ ನಿಮಿಷಕ್ಕೆ ಮೇಲೆ ಅಲ್ಯುಮಿನಿಯಂ ಫಾಯಿಲ್ ಸಡಿಲವಾಗಿ ಮುಚ್ಚಿ, ಅದು ರಾಡಿಗೆ ತಗಲದಂತೆ ನೋಡಿಕೊಳ್ಳಿ.

ರಾಗಿ ಹಿಟ್ಟು ಬೆರೆಸಿದ್ದರಂತೂ ಬಣ್ಣ ನೋಡಿ ಪ್ರಯೋಜನವೇ ಇಲ್ಲ.

ಒಳಗೆ ಬೆಂದಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಅತ್ಯಂತ ನಂಬಿಕಸ್ಥ ದಾರಿ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್. ಬ್ರೆಡ್ಡಿನ ಅಗಲ ಕಿರಿದಾದ ಪಕ್ಕದಲ್ಲಿ, ಟಿನ್ನಿನ ಅಂಚಿನ ಸ್ವಲ್ಪ ಮೇಲೆ ಚುಚ್ಚಿ, ಮೊನೆ ಓರೆಯಾಗಿ ಕೆಳಗಿಳಿದು ಬ್ರೆಡ್ಡಿನ ನಟ್ಟನಡುವೆ ನಿಲ್ಲುವಂತೆ ಮಾಡಿ. ನೆತ್ತಿಯಿಂದ ಚುಚ್ಚಿದರೆ ತೂತು ಎದ್ದು ಕಾಣುತ್ತದೆ, ಮೊನೆ ತಳದ ಟಿನ್ನಿಗೆ ತಗಲಿ ಸುಳ್ಳು ಅಂಕಿ ತೋರಿಸುವುದೂ ಉಂಟು. ಅಂಕಿ ಏರುವುದು ನಿಲ್ಲುವವರೆಗೂ ಕಾಯಿರಿ. ನಮ್ಮ ಈ ಮೈದಾ ಬ್ರೆಡ್ಡಿಗೆ 93ರಿಂದ 95 ಡಿಗ್ರಿ ಬರಬೇಕು. ಹಾಲು, ಬೆಣ್ಣೆ, ಮೊಟ್ಟೆ ಧಾರಾಳವಾಗಿರುವ ಬನ್ನಿನ ಹಿಟ್ಟಾದರೆ 88–90 ಸಾಕು. ಗೋಧಿ ಹಿಟ್ಟಿನದಾದರೆ 95ರ ತನಕ ಬಿಡಿ, ಏಕೆಂದರೆ ಅದು ಹೆಚ್ಚು ನೀರು ಹಿಡಿದಿರುತ್ತದೆ.

ಇಲ್ಲಿ ನಮ್ಮ ಊರಿನ ಎತ್ತರದ ಮಾತು ಬರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ಕೆಳಗೆ. ಈ ಎತ್ತರದಲ್ಲಿ ನೀರು ಕುದಿಯುವುದು 100ಕ್ಕಲ್ಲ, 97–98 ಡಿಗ್ರಿಗೆ. ಬ್ರೆಡ್ಡಿನ ತಿರುಳಿನಲ್ಲಿ ನೀರು ಇರುವ ತನಕ ಅದರ ಬಿಸಿ ಕುದಿಯುವ ಮಟ್ಟ ದಾಟುವುದಿಲ್ಲ, ಓವನ್ 200 ಇದ್ದರೂ ಅಷ್ಟೆ. ಹಾಗಾಗಿ ‘ಒಳಗೆ 99 ಡಿಗ್ರಿ ಬರುವವರೆಗೆ ಬೇಯಿಸಿ’ ಎಂದು ಎಲ್ಲಾದರೂ ಓದಿ ಇಲ್ಲಿ ಅದಕ್ಕಾಗಿ ಕಾದು ಕೂತರೆ 99 ಬರುವುದೇ ಇಲ್ಲ, ಬ್ರೆಡ್ ಒಣಗಿಹೋಗುತ್ತದೆ.

ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡುವುದಕ್ಕೂ ಇದೇ ಆಧಾರ. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುವಾಗ ಮೊನೆಯನ್ನು ತಳಕ್ಕೆ ತಗಲದಂತೆ ಮುಳುಗಿಸಿ. 97–98 ತೋರಿಸಿದರೆ ಸರಿಯಿದೆ. 100 ತೋರಿಸಿದರೆ ಅದು ಎರಡು ಮೂರು ಡಿಗ್ರಿ ಹೆಚ್ಚು ಹೇಳುತ್ತಿದೆ, ಬ್ರೆಡ್ಡಿನ ಅಂಕಿಯಿಂದ ಅಷ್ಟು ಕಳೆಯಬೇಕು.

ಥರ್ಮಾಮೀಟರ್ ಇಲ್ಲ. ಕೇಕಿಗೆ ಮಾಡುವಂತೆ ಕಡ್ಡಿ ಚುಚ್ಚಿ ನೋಡಬಹುದೇ?

ಬೇಡ. ಕೇಕಿನ ಹಿಟ್ಟು ನೀರಾಗಿರುತ್ತದೆ, ಬೇಯದಿದ್ದರೆ ಕಡ್ಡಿಗೆ ಮೆತ್ತುತ್ತದೆ. ನಾದಿದ ಬ್ರೆಡ್ ಹಿಟ್ಟು ಹಾಗಲ್ಲ, ಅರೆಬೆಂದಾಗಲೂ ಕಡ್ಡಿ ಸ್ವಚ್ಛವಾಗಿ ಬರಬಹುದು. ತಳ ತಟ್ಟಿ ಟೊಳ್ಳು ಸದ್ದು ಕೇಳುವ ಪರೀಕ್ಷೆ ದುಂಡನೆಯ ಗಟ್ಟಿ ಬ್ರೆಡ್ಡಿಗೆ ಸ್ವಲ್ಪ ಮಟ್ಟಿಗೆ ಸರಿ, ಆದರೆ ಟಿನ್ನಿನ ಮೆತ್ತನೆ ಬ್ರೆಡ್ಡಿಗೆ ಅದನ್ನೊಂದನ್ನೇ ನಂಬಬೇಡಿ.

ತಕ್ಕಡಿ ಇದ್ದರೆ ಅದೇ ಒಳ್ಳೆಯ ಸಾಕ್ಷಿ. ಬೇಯುವುದು ಅಂದರೆ ಒಂದಿಷ್ಟು ನೀರು ಆವಿಯಾಗಿ ಹೋಗುವುದೂ ಹೌದು. ಟಿನ್ ಬ್ರೆಡ್ ಬೆಂದಾಗ ಹಿಟ್ಟಿನ ತೂಕದಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು ಇಳಿದಿರುತ್ತದೆ. ಟಿನ್ ಖಾಲಿ ಇದ್ದಾಗ 300 ಗ್ರಾಂ, ಹಿಟ್ಟು ತುಂಬಿದಾಗ 995 ಗ್ರಾಂ ತೂಗಿತು ಎಂದುಕೊಳ್ಳಿ. ಕೈಗೆ ಪಾತ್ರೆಗೆ ಮೆತ್ತಿದ್ದು ಹೋಗಿ ಹಿಟ್ಟು 695. ಮೂವತ್ತೈದನೇ ನಿಮಿಷಕ್ಕೆ ಟಿನ್ ಸಮೇತ ತೂಗಿದಾಗ 925ರ ಆಸುಪಾಸು ಬಂದರೆ 70 ಗ್ರಾಂ ಹೋಗಿದೆ, ಬೆಂದಿದೆ. 955 ತೋರಿಸಿದರೆ 40 ಗ್ರಾಂ ಮಾತ್ರ ಹೋಗಿದೆ, ಇನ್ನೂ ಎಂಟು ಹತ್ತು ನಿಮಿಷ ಬೇಕು. ಬಿಸಿ ಟಿನ್ನನ್ನು ತಕ್ಕಡಿಯ ಮೇಲೆ ನೇರವಾಗಿ ಇಡಬೇಡಿ. ಮರದ ಮಣೆಯೊಂದನ್ನು ಮೊದಲೇ ಇಟ್ಟು ಸೊನ್ನೆ ಮಾಡಿಕೊಳ್ಳಿ.

ತೂಗಿದ ಮೇಲೆ ಬ್ರೆಡ್ಡನ್ನು ಟಿನ್ನಿನಿಂದ ಈಚೆಗೆ ತೆಗೆದು ಪಕ್ಕಗಳನ್ನು ನೋಡಿ. ನೆತ್ತಿಗಿಂತ ಪಕ್ಕ ಹೆಚ್ಚು ನಿಜ ಹೇಳುತ್ತದೆ. ಪಕ್ಕ ತಿಳಿ ಗೋಧಿ ಬಣ್ಣಕ್ಕೆ ತಿರುಗಿ, ಬೆರಳಿಂದ ಒತ್ತಿದರೆ ಮತ್ತೆ ಎದ್ದು ಬರಬೇಕು. ಬೆಳ್ಳಗೆ, ಒದ್ದೆಯಾಗಿ, ಒತ್ತಿದ ಗುಳಿ ಹಾಗೇ ಉಳಿದರೆ ಬೆಂದಿಲ್ಲ. ಟಿನ್ ಇಲ್ಲದೆ ಬರಿ ಬ್ರೆಡ್ಡನ್ನೇ ಜಾಲರಿಯ ಮೇಲಿಟ್ಟು 180 ಡಿಗ್ರಿಯಲ್ಲಿ ಆರೇಳು ನಿಮಿಷ ಬಿಡಿ. ಹೊರತೆಗೆದು ಐದು ನಿಮಿಷದೊಳಗೆ ವಾಪಸ್ ಇಟ್ಟರೆ ಯಾವ ಹಾನಿಯೂ ಇಲ್ಲ.

ಮೇಲೆ ಕಪ್ಪು, ನಡುವೆ ಹಸಿ. ತಪ್ಪು ಎಲ್ಲಿ ಎಂದು ಹೇಗೆ ಹುಡುಕುವುದು?

ಒಂದು ಬ್ರೆಡ್ಡನ್ನು ಹಂತಹಂತವಾಗಿ ನೋಡೋಣ. ಅಳತೆ ಮೇಲೆ ಹೇಳಿದ್ದೇ, ಸಕ್ಕರೆಯ ಬದಲು ಬೆಲ್ಲ. ಗುಂಡಿ 200ರಲ್ಲಿ, ಜಾಲರಿ ನಡು ಮೆಟ್ಟಿಲಲ್ಲಿ. ಇಪ್ಪತ್ತೆರಡನೇ ನಿಮಿಷಕ್ಕೆ ನೆತ್ತಿ ಕಾಫಿ ಬೀಜದ ಬಣ್ಣ. ಸುಟ್ಟೀತೆಂಬ ಭಯದಿಂದ ಹೊರಗೆ ತೆಗೆದರೆ ನಡುವಿನ ಬಿಸಿ 80 ಡಿಗ್ರಿ, ಇಳಿದ ತೂಕ ಮೂವತ್ತೈದು ಗ್ರಾಂ, ಪಕ್ಕ ಬಿಳಿ.

ಮೊದಲು ಕೇಳಬೇಕಾದ್ದು, ಗುಂಡಿಯ 200 ನಿಜಕ್ಕೂ ಎಷ್ಟು. ಓವನ್ ಥರ್ಮಾಮೀಟರ್ 225 ತೋರಿಸಿತು. ಎರಡನೆಯದು, ಬ್ರೆಡ್ಡಿನ ನೆತ್ತಿಗೂ ರಾಡಿಗೂ ಉಳಿದ ಜಾಗ. ಅಳೆದರೆ ಎರಡೇ ಬೆರಳು. ಮೂರನೆಯದು ಬೆಲ್ಲ. ಮೂರೂ ಒಂದೇ ಕಡೆಗೆ ಎಳೆಯುತ್ತಿವೆ: ನೆತ್ತಿಗೆ ಹೆಚ್ಚು ಬಿಸಿ, ನಡುಭಾಗಕ್ಕೆ ಸಾಲದ ಸಮಯ. ಆದ್ದರಿಂದ ‘ಇನ್ನೂ ಹತ್ತು ನಿಮಿಷ ಬಿಡಿ’ ಅನ್ನುವ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಮುಂದಿನ ಸಲ ಜಾಲರಿ ತಳದ ಮೆಟ್ಟಿಲಿಗೆ ಇಳಿಯಬೇಕು. ನಿಜವಾದ ಬಿಸಿ ಮೊದಲ ಹತ್ತು ನಿಮಿಷ 190, ಅಂದರೆ ಈ ಓವನ್‌ನಲ್ಲಿ ಗುಂಡಿ 165ರಲ್ಲಿ. ಆಮೇಲೆ ನಿಜವಾದ ಬಿಸಿ 175, ಅಂದರೆ ಗುಂಡಿ 150ರಲ್ಲಿ. ಇಪ್ಪತ್ತನೇ ನಿಮಿಷಕ್ಕೆ ಫಾಯಿಲ್. ಒಟ್ಟು 38–40 ನಿಮಿಷ.

ಇದಕ್ಕೆ ತಿರುವುಮುರುವಾದ ಸ್ಥಿತಿಯೂ ಇದೆ. ನಲವತ್ತು ನಿಮಿಷವಾದರೂ ಬಣ್ಣವಿಲ್ಲ, ಬ್ರೆಡ್ ಎದ್ದೂ ಇಲ್ಲ. ಇದು ಸಂಜೆ ಹೊತ್ತು ಮಾಡುವವರಿಗೆ ಹೆಚ್ಚು. ಕರೆಂಟಿನ ಒತ್ತಡ 230 ವೋಲ್ಟಿನಿಂದ 200ಕ್ಕೆ ಇಳಿದರೆ ರಾಡಿನ ಬಿಸಿ ಕಾಲು ಭಾಗ ಕಮ್ಮಿಯಾಗುತ್ತದೆ, 1600 ವಾಟಿನ ಓವನ್ ಸುಮಾರು 1200 ವಾಟಿನಂತೆ ಕೆಲಸ ಮಾಡುತ್ತದೆ. ಕಾಯುವುದು ತಡ, ಬಾಗಿಲು ತೆಗೆದ ಮೇಲೆ ಚೇತರಿಸಿಕೊಳ್ಳುವುದು ಇನ್ನೂ ತಡ. ಅಂಥ ಹೊತ್ತಿನಲ್ಲಿ ಮೂವತ್ತು ನಿಮಿಷ ಕಾಯಿಸಿ, ಥರ್ಮಾಮೀಟರ್ ಬೇಕಾದ ಬಿಸಿ ತೋರಿಸಿದ ಮೇಲೆಯೇ ಬ್ರೆಡ್ ಇಡಿ. ಓವನ್ ಪ್ಲಗ್ ಇರಬೇಕಾದ್ದು 16 ಆಂಪಿಯರ್ ಸಾಕೆಟ್‌ನಲ್ಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಥರ್ಮಾಮೀಟರ್ 95 ತೋರಿಸಿತ್ತು. ಆದರೂ ಕುಯ್ದಾಗ ಅಂಟಂಟು. ಯಾಕೆ?

ಎಷ್ಟು ಹೊತ್ತಿಗೆ ಕುಯ್ದಿರಿ ಎಂಬುದೇ ಮೊದಲ ಪ್ರಶ್ನೆ. ಇಡ್ಲಿ ಒಲೆಯಿಂದ ಇಳಿಸಿದ ಕೂಡಲೇ ತಟ್ಟೆಯಿಂದ ಎಬ್ಬಿಸಿದರೆ ಕಿತ್ತು ಬರುತ್ತದೆ, ಐದು ನಿಮಿಷ ಬಿಟ್ಟರೆ ನೀಟಾಗಿ ಏಳುತ್ತದೆ. ಬ್ರೆಡ್ ಅದಕ್ಕಿಂತ ದಪ್ಪ. ಅದರ ಬೆಂದ ಪಿಷ್ಟ ತಣ್ಣಗಾಗುತ್ತಾ ಗಟ್ಟಿಯಾಗಬೇಕು, ಒಳಗಿನ ಹಬೆ ನಿಧಾನವಾಗಿ ಹೊರಗೆ ಬರಬೇಕು. ಇದಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಬಿಸಿಯಲ್ಲಿ ಕುಯ್ದರೆ ಚಾಕುವಿಗೆ ತಿರುಳು ಮೆತ್ತಿಕೊಂಡು, ಬೆಂದ ಬ್ರೆಡ್ಡೂ ಹಸಿಯಂತೆ ಕಾಣುತ್ತದೆ.

ಆರಿಸುವ ರೀತಿಯೂ ಮುಖ್ಯ. ಹೊರತೆಗೆದು ಐದು ನಿಮಿಷದೊಳಗೆ ಟಿನ್ನಿನಿಂದ ಬಿಡಿಸಿ, ಕೆಳಗೆ ಗಾಳಿಯಾಡುವ ಜಾಲರಿಯ ಮೇಲೆ ಇಡಿ. ಟಿನ್ನಿನಲ್ಲೇ ಬಿಟ್ಟರೆ ಹಬೆ ತಳದಲ್ಲಿ ನೀರಾಗಿ ಕೂತು ಆ ಹಸಿ ಪಟ್ಟಿಯನ್ನು ಮಾಡುತ್ತದೆ.

ಪೂರ್ತಿ ಆರಿದ ಮೇಲೂ ಅಂಟಿದರೆ ಆಗ ಹಿಟ್ಟಿನ ಕಡೆ ನೋಡಿ. ನೀರು ಹೆಚ್ಚಾಗಿರಬಹುದು, ಈ ಮೈದಾಕ್ಕೆ 250 ಗ್ರಾಂ ಬದಲು 290 ಬಿದ್ದರೆ ಅದೇ ಟಿನ್ನಿನಲ್ಲಿ, ಅದೇ ಹೊತ್ತಿಗೆ ಒಣಗುವುದಿಲ್ಲ. ಹಿಟ್ಟು ಸಾಕಷ್ಟು ಉಬ್ಬದೆ ಹೋಗಿರಬಹುದು. ಏಪ್ರಿಲ್ ಮಧ್ಯಾಹ್ನ ಮುಕ್ಕಾಲು ಗಂಟೆಗೆ ಎರಡರಷ್ಟಾಗುವ ಹಿಟ್ಟು ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಎರಡು ಗಂಟೆ ತೆಗೆದುಕೊಂಡೀತು, ಗಡಿಯಾರ ನೋಡಿ ಓವನ್‌ಗೆ ಇಟ್ಟವರಿಗೆ ಬಿಗಿಯಾದ, ಒದ್ದೆ ತಿರುಳು ಸಿಗುತ್ತದೆ. ಮೂರನೆಯದು ರಾಗಿ. ಅದರಲ್ಲಿ ಗೋಧಿಯ ಅಂಟು ಇಲ್ಲ, ನೀರು ಕುಡಿದು ಬೆಂದರೆ ಮುದ್ದೆಯ ಗುಣವೇ ಬರುತ್ತದೆ. ಒಟ್ಟು ಹಿಟ್ಟಿನಲ್ಲಿ ಐದನೇ ಒಂದು ಪಾಲಿಗಿಂತ, ಅಂದರೆ 400ರಲ್ಲಿ 80 ಗ್ರಾಮಿಗಿಂತ, ಹೆಚ್ಚು ಹಾಕಬೇಡಿ.

ಬೇಯುವ ನಡುವೆ ಕರೆಂಟ್ ಹೋದರೆ?

ಬಾಗಿಲು ತೆಗೆಯಬೇಡಿ. ಇಪ್ಪತ್ತೈದನೇ ನಿಮಿಷದ ನಂತರ ಹೋದರೆ ಒಳಗಿನ ಬಿಸಿಯಲ್ಲೇ ಬ್ರೆಡ್ ಇನ್ನಷ್ಟು ಬೇಯುತ್ತದೆ, ಕರೆಂಟ್ ಬಂದ ಮೇಲೆ ಉಳಿದಷ್ಟು ಹೊತ್ತು ಕೊಟ್ಟು ಬಿಸಿ ಅಳೆಯಿರಿ. ಹತ್ತನೇ ನಿಮಿಷದ ಆಸುಪಾಸಿನಲ್ಲಿ ಹೋಗಿ ಅರ್ಧ ಗಂಟೆ ಬರದಿದ್ದರೆ ಆಕಾರ ನಿಂತಿರುವುದಿಲ್ಲ, ನಡು ಕುಸಿಯುತ್ತದೆ, ಮತ್ತೆ ಬೇಯಿಸಿದರೂ ಎದ್ದು ಬರುವುದಿಲ್ಲ. ಅದನ್ನು ಬೆರಳು ದಪ್ಪ ಕುಯ್ದು, ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಎಣ್ಣೆ ಸವರಿ, ಮುಚ್ಚಿ, ಎರಡೂ ಕಡೆ ಬೇಯಿಸಿದರೆ ತಿನ್ನಲು ಚೆನ್ನಾಗಿರುತ್ತದೆ.

ಮೊದಲ ದಿನ ಚೆನ್ನಾಗಿತ್ತು, ಎರಡನೇ ದಿನ ನಡುವೆ ಅಂಟಾಯಿತು. ಇದೂ ಬೇಯದ ದೋಷವೇ?

ಮೊದಲ ದಿನ ತಿರುಳು ಸರಿಯಿದ್ದು ಆಮೇಲೆ ಅಂಟಾದರೆ ಅದು ಬೇರೆಯೇ ವಿಷಯ. ಬೇಸಿಗೆಯಲ್ಲಿ, ಮುಖ್ಯವಾಗಿ ಬ್ರೆಡ್ ಪೂರ್ತಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಟ್ಟಾಗ ಹೀಗಾಗುತ್ತದೆ. ಬ್ರೆಡ್ಡನ್ನು ಮುರಿದು ನಿಧಾನವಾಗಿ ಎಳೆದು ನೋಡಿ. ನಡುವೆ ರೇಷ್ಮೆ ಎಳೆಯಂಥ ನೂಲು ಬಂದು, ಕಳಿತುಹೋದ ಹಲಸಿನದೋ ಕರಬೂಜದೋ ವಾಸನೆ ಹೊಡೆದರೆ ಹಿಟ್ಟಿನಲ್ಲಿದ್ದ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆದಿದೆ. ಅದರ ಬೀಜಕಣಗಳು ಬ್ರೆಡ್ಡಿನ ನಡುವಿನ 95 ಡಿಗ್ರಿಯನ್ನೂ ತಾಳಿಕೊಳ್ಳುತ್ತವೆ, ಆದ್ದರಿಂದ ಚೆನ್ನಾಗಿ ಬೆಂದ ಬ್ರೆಡ್ಡಿಗೂ ಇದು ಬರಬಹುದು. ಆ ಬ್ರೆಡ್ಡನ್ನು ಟೋಸ್ಟ್ ಮಾಡಿಯೂ ತಿನ್ನಬೇಡಿ, ಹಸುವಿಗೂ ಹಾಕಬೇಡಿ, ಎಸೆಯಿರಿ. ಮಣೆ, ಚಾಕು, ಟಿನ್, ಬ್ರೆಡ್ ಡಬ್ಬಿ ಎಲ್ಲವನ್ನೂ ತೊಳೆದು ವಿನೆಗರ್‌ನಿಂದ ಒರೆಸಿ.

ಮುಂದಿನ ಸಲ 400 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ವಿನೆಗರ್ ಸೇರಿಸಿ; ಹುಳಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಬ್ರೆಡ್ಡನ್ನು ಜಾಲರಿಯ ಮೇಲೆ ತಳ ಮುಟ್ಟಿದರೂ ತಣ್ಣಗಿರುವವರೆಗೆ ಆರಿಸಿ. ಎರಡು ದಿನಕ್ಕೆ ಬೇಕಾದಷ್ಟನ್ನು ಹೊರಗಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರ್‌ನಲ್ಲಿಡಿ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟರೆ ಬೇಗ ಬಿರುಸಾಗುತ್ತದೆ. ಫ್ರೀಜರಿನ ಹೋಳನ್ನು ಕರಗಲು ಬಿಡದೆ ನೇರವಾಗಿ ಕಾವಲಿಗೆ ಹಾಕಬಹುದು.